ಭಾನುವಾರ ಬೆಳಗ್ಗೆ, ಕುಕ್ಕರಹಳ್ಳಿ ಕೆರೆ

ಮೇಘನಾ,

ಭಾನುವಾರದ್ದು ಹೀಗೆ ಅಂದ್ಕೊಂಡಿದ್ದೀನಿ. ಓದಿ ನೋಡಿ, ಯಾವುದು ಸರಿಹೋಗಲ್ವೋ ಹೇಳಿ, ಬದಲಾಯಿಸೋಣ.

ಹೋದ ವಾರದ ಕೆಫೆಯಲ್ಲಿ ಎರಡು ತೊಂದರೆ ಆಯ್ತು. ಹಾಡಿನ ಸದ್ದಿಗೆ ನೀವು ಹೇಳಿದ್ದನ್ನ ಮತ್ತೆ ಮತ್ತೆ ಕೇಳಬೇಕಾಯ್ತು. ಮೇಜಿನ ಆಚೆ ಈಚೆ ಕೂತು ಮಾತಾಡಿದ್ದು ಅರ್ಧ ಗಂಟೆ ಇಂಟರ್‌ವ್ಯೂ ಥರಾನೇ ಇತ್ತು. ಕೊನೇಲಿ ಪಾರ್ಕಿಂಗ್ ತನಕ ನಡ್ಕೊಂಡು ಹೋದ್ವಲ್ಲ, ನಿಮ್ಮ ಅಜ್ಜನ ವಿಷಯ ಬಂದಿದ್ದು ಆಗ್ಲೇ. ಸಾಗರದ ತೋಟದಲ್ಲಿ ಅಜ್ಜ ಕೂಗು ಕೇಳಿಯೇ ಹಕ್ಕಿ ಹೆಸರು ಹೇಳ್ತಿದ್ರು, ಕುಟ್ರುಹಕ್ಕಿ ಕೂಗು ಇವತ್ತಿಗೂ ಕಿವಿಯಲ್ಲಿದೆ, ಆದ್ರೆ ಹಕ್ಕೀನ ಒಂದ್ಸಲಾನೂ ನೋಡಿಲ್ಲ ಅಂದ್ರಿ. ಅದಕ್ಕೇ ಈ ಸಲ ಕೂರೋದು ಬೇಡ, ನಡೆಯೋಣ. ಕುಟ್ರುಹಕ್ಕೀನ ಹುಡುಕೋಣ.

ಬೆಳಗ್ಗೆ 7 ಗಂಟೆ, ಹುಣಸೂರು ರಸ್ತೆ ಕಡೆ ಗೇಟ್. ಈಗ ಸೂರ್ಯ ಹುಟ್ಟೋದು ಆರೂಮುಕ್ಕಾಲರ ಸುಮಾರಿಗೆ, ಹಕ್ಕಿಗಳು ಚುರುಕಾಗಿರೋದು ಅದಾದ ಮೊದಲ ಎರಡು ಗಂಟೆ. ಒಂಬತ್ತಾದ್ರೆ ಬಿಸಿಲೂ ಏರುತ್ತೆ, ವಾಕಿಂಗ್ ಜನಾನೂ ಜಾಸ್ತಿ. ನಿಮ್ಮ ಸ್ಕೂಟರ್‌ನಲ್ಲೇ ಬನ್ನಿ. ಪಿಜಿ ಹತ್ರ ಬಂದು ಕರ್ಕೊಂಡು ಹೋಗಬಹುದಿತ್ತು, ಆದ್ರೆ ಸಾಕು ಅನ್ನಿಸಿದಾಗ ಹೊರಡೋಕೆ ಗಾಡಿ ನಿಮ್ಮ ಕೈಲೇ ಇರ್ಲಿ.

ಪೂರ್ತಿ ಸುತ್ತು ಹಾಕೋದು ಬೇಡ. ಸುತ್ತು ಮುಗಿಸಲೇಬೇಕು ಅಂತ ಹೊರಟ್ರೆ ಕಾಲು ತಾನಾಗೇ ಬೇಗ ಹೋಗುತ್ತೆ, ಹಕ್ಕಿ ಕಾಣಲ್ಲ. 40 ನಿಮಿಷ ನಿಧಾನಕ್ಕೆ ಹೋಗಿ ಅದೇ ದಾರೀಲಿ ವಾಪಸ್ ಬರೋಣ. ನನ್ನ ಹತ್ರ ಒಂದು 8x42 ಬೈನಾಕ್ಯುಲರ್ ಇದೆ, ಒಂದೇ ಸಾಕು, ಸರದಿ ಮೇಲೆ ನೋಡೋಣ. ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳೋಕೆ ಎರಡು ನಿಮಿಷ ಬೇಕು: ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡ್ಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆ ಕಣ್ಣಿಡೋ ಜಾಗದಲ್ಲಿರೋ ಬಳೆಯಂಥ ಭಾಗ ತಿರುಗಿಸಿ. ಕನ್ನಡಕ ಹಾಕ್ಕೊಂಡಿದ್ರೆ ರಬ್ಬರ್ ಬಟ್ಟಲನ್ನ ಒಳಗೆ ತಿರುಗಿಸಬೇಕು, ಇಲ್ಲಾಂದ್ರೆ ಸುತ್ತ ಕಪ್ಪು ಕಾಣುತ್ತೆ. ಸೂರ್ಯನ ಕಡೆ ಮಾತ್ರ ಹಿಡೀಬೇಡಿ.

ಕುಟ್ರುಹಕ್ಕಿ ಎಲೆಯದೇ ಹಸಿರು, ಕೂಗುವಾಗ ಅಲುಗಾಡದೆ ಕೂತಿರುತ್ತೆ. ಅಜ್ಜನ ತೋಟದಲ್ಲಿ ನಿಮಗೆ ಕಾಣದೇ ಇದ್ದಿದ್ದು ಅದಕ್ಕೇ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಸಿಕ್ಕಿದ್ರೆ ಅದರಡಿ ಹತ್ತು ನಿಮಿಷ ಸುಮ್ನೆ ನಿಲ್ಲೋಣ. ಕೂಗಿದ ಕಡೆ ನೇರ ಹುಡುಕಿದ್ರೆ ಸಿಗಲ್ಲ, ಹಣ್ಣು ಉದುರೋ ಕೊಂಬೆ ನೋಡಬೇಕು. ಕೂಗು ಗುರುತಿಸೋದು ನಿಮ್ಮ ಕೆಲಸ, ಆ ಕಿವಿ ನನಗಿಲ್ಲ. ಅದು ಸಿಗದಿದ್ರೂ ನೀರಲ್ಲಿ ಹೆಜ್ಜಾರ್ಲೆ, ನೀರುಕಾಗೆ ಇರ್ತವೆ. ಹಾವಕ್ಕಿ ಕಂಡ್ರೆ ಇನ್ನೂ ಚೆನ್ನ: ಮೈಯೆಲ್ಲ ಮುಳುಗಿಸಿ ಕತ್ತು ಮಾತ್ರ ಮೇಲಿಟ್ಟು ಈಜುತ್ತೆ, ಹಾವೇ ಅನ್ನಬೇಕು. ಅದರ ಗರಿ ನೀರು ಹೀರುತ್ತೆ, ಅದಕ್ಕೇ ಆಮೇಲೆ ಕೊಂಬೆ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತೆ.

ಇನ್ನೊಂದು, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯಕ್ಕೆ ಅಂತ ಕಟ್ಟಿಸಿದ ಕೆರೆ ಇದು. ನೀವು ಆಫೀಸಿನಲ್ಲಿ ದಿನಾ ನೋಡೋ ಏರಿ, ತೂಬು, ಕೋಡಿ ನಕ್ಷೆಗಳ ಬಗ್ಗೆ ಹೇಳ್ತಿದ್ರಿ, ಅರ್ಧಕ್ಕೇ ನಿಂತೋಯ್ತು. ಏರಿ ಮೇಲೆ ನಿಂತಾಗ ಅದನ್ನ ಮುಂದುವರಿಸಿ, ನಿಜವಾಗ್ಲೂ ಕೇಳಬೇಕು ಅಂತಿದೆ.

ಹಸಿದ್ರೆ ಸಿಟ್ಟು ಬರುತ್ತೆ ಅಂದಿದ್ರಿ. ನಾಲ್ಕು ಏಲಕ್ಕಿ ಬಾಳೆಹಣ್ಣು, ಒಂದು ಡಬ್ಬಿ ಕೋಡುಬಳೆ, ಒಂದು ಲೀಟರ್ ನೀರು ತರ್ತೀನಿ. ಎಂಟೂವರೆಗೆ ತಿಂಡಿ. ನಜರ್‌ಬಾದಿನ ಮೈಲಾರಿ ದೋಸೆ ಆಸೆ ನನಗೂ ಇದೆ, ಆದ್ರೆ ಭಾನುವಾರ ಅಲ್ಲಿ ಬಾಗಿಲಲ್ಲೇ ಕಾಯಬೇಕು, ಕೂತ ಮೇಲೂ ಹಿಂದೆ ಜನ ನಿಂತಿರ್ತಾರೆ, ಮಾತಾಡೋಕಾಗಲ್ಲ. ಅದನ್ನ ವಾರದ ದಿನಕ್ಕೆ ಇಟ್ಕೊಳ್ಳೋಣ. ಸರಸ್ವತಿಪುರಂನಲ್ಲಿ ಕೂತು ತಿನ್ನೋ ಚಿಕ್ಕ ಹೋಟೆಲ್‌ಗಳಿವೆ, ಅಲ್ಲಿ ಇಡ್ಲಿ ವಡೆ ಸಾಕು. ಕಾಫಿ ನಿಮಗಾಗಲ್ಲ, ಬಾದಾಮಿ ಹಾಲು ಇರೋ ಕಡೆಗೇ ಹೋಗೋಣ. ಬಿಲ್ ನಿಮ್ಮದು, ನೀವೇ ಹೇಳಿದ್ದು, ನಾನು ಕೈ ಅಡ್ಡ ಹಾಕಲ್ಲ.

ಒಂಬತ್ತೂಮುಕ್ಕಾಲಿಗೆ ಎದ್ದೇಳೋಣ, ಹನ್ನೊಂದಕ್ಕೆ ನಿಮ್ಮ ಅಕ್ಕನ ಕಾಲ್ ಇದೆ. ಮಾತು ಇನ್ನೂ ಇದ್ರೂ ಎದ್ದೇಳೋಣ.

ಬೂಟು ಹಾಕ್ಕೊಂಡ್ರೆ ಒಳ್ಳೇದು. ಬಿಳಿ ಬಟ್ಟೆ ಬೇಡ, ಹಕ್ಕಿಗಳಿಗೆ ದೂರದಿಂದಲೇ ಎದ್ದು ಕಾಣುತ್ತೆ. ಫೋಟೋ ನಿಮಗೆ ಇಷ್ಟ ಇಲ್ಲ ಅಂದಿದ್ರಿ, ಹಕ್ಕಿದು ಬಿಟ್ಟು ಬೇರೆ ತೆಗೆಯಲ್ಲ.

ಭಾನುವಾರ ಅಷ್ಟು ಬೇಗ ಏಳೋದು ಕಷ್ಟ ಅನ್ನಿಸಿದ್ರೆ ಏಳೂವರೆ ಮಾಡೋಣ, ಕೆರೆ ಹತ್ತು ನಿಮಿಷ ಕಡಿಮೆ ನಡೆದು ತಿಂಡಿ ಒಂಬತ್ತಕ್ಕೆ. ಬೆಳಗ್ಗೆ ಎದ್ದಾಗ ಮನಸ್ಸಿಲ್ಲ ಅಂದ್ರೆ ಒಂದು ಮೆಸೇಜ್ ಹಾಕಿ ಮಲಗಿ, ಕಾರಣ ಹೇಳೋದು ಬೇಡ. ಶುಕ್ರವಾರದೊಳಗೆ 7ಓ 7:30ಓ ಹೇಳಿ, ಬೈನಾಕ್ಯುಲರ್ ಒರೆಸಿ ಇಟ್ಟಿರ್ತೀನಿ.

ಶ್ರೀನಿಧಿ