ಟ್ಯಾಬ್‌ನಲ್ಲಿ ಪರದೆ ಎರಡು ಭಾಗ ಮಾಡಿದರೆ ಸ್ಲೈಡಿನ ಬಲಗಡೆ ಕತ್ತರಿಸಿಹೋಗುತ್ತಿದೆ, ಪುಟದಲ್ಲೇ ಸರಿಪಡಿಸಬಹುದೇ?

ನಮಸ್ಕಾರ ಸರ್,

ಮೂಡಿಗೆರೆ ಬ್ಯಾಚ್, 9ನೇ ತರಗತಿ ಕನ್ನಡ ಮಾಧ್ಯಮದ ಗಣಿತ ತರಗತಿ ಬಗ್ಗೆ ಕೇಳುತ್ತಿದ್ದೇನೆ. ಮಳೆ ರಜೆ ಬಂದಾಗಲೆಲ್ಲ ಪಾಠ ಆನ್‌ಲೈನ್‌ನಲ್ಲೇ ನಡೆಯುವುದರಿಂದ ಈ ತೊಂದರೆ ಬೇಗ ಸರಿಯಾದರೆ ಮಕ್ಕಳಿಗೆ ದೊಡ್ಡ ಉಪಕಾರ.

ಮಗಳು ಎಡಗಡೆ ಕ್ರೋಮ್‌ನಲ್ಲಿ ನಿಮ್ಮ ತರಗತಿಯ ಪುಟ, ಬಲಗಡೆ ಅಭ್ಯಾಸದ ಪಿಡಿಎಫ್ ಇಟ್ಟುಕೊಂಡು ಅದರ ಮೇಲೆ ಪೆನ್ನಿನಲ್ಲಿ ಬರೆಯುತ್ತಾಳೆ. ಪೂರ್ತಿ ಪರದೆಯಲ್ಲಿ ಸ್ಲೈಡ್ ಸರಿಯಾಗಿಯೇ ಇದೆ. ಪರದೆ ಎರಡು ಮಾಡಿದ ತಕ್ಷಣ ಬಲಗಡೆಯ ಮೂರನೇ ಒಂದು ಪಾಲು ಕಾಣುವುದಿಲ್ಲ. ತ್ರಿಭುಜಗಳ ಸರ್ವಸಮತೆಯ ಪಾಠದಲ್ಲಿ ಎಡಕ್ಕೆ ‘ಹೇಳಿಕೆ’, ಬಲಕ್ಕೆ ‘ಕಾರಣ’ ಅಂತ ಎರಡು ಕಾಲಂ ಇತ್ತು. ‘ಕಾರಣ’ದ ಕೆಳಗೆ ‘ಶೃಂಗಾಭಿ’ ಅನ್ನುವಷ್ಟು ಮಾತ್ರ ಕಂಡಿತು, ‘ಮುಖ ಕೋನಗಳು’ ಹೋಯಿತು. ಕೊನೆಯ ಸಾಲಿನ ಬಾ.ಕೋ.ಬಾ. ಪೂರ್ತಿ ಮಾಯ. ಸಾಧನೆಯಲ್ಲಿ ಅಂಕ ಸಿಗುವುದೇ ಕಾರಣಕ್ಕೆ, ಮಗು ಅದನ್ನೇ ಬಿಟ್ಟು ನಕಲು ಮಾಡಿಕೊಂಡಿದೆ. ಬೆರಳಿನಲ್ಲಿ ಪಕ್ಕಕ್ಕೆ ಎಳೆದರೆ ಮುಂದಿನ ಸ್ಲೈಡ್ ಬರುತ್ತದೆ, ಮುಚ್ಚಿಹೋದ ಭಾಗ ಬರುವುದಿಲ್ಲ.

ಟ್ಯಾಬ್ 10.1 ಇಂಚಿನದು, 1920×1200 ಪಿಕ್ಸೆಲ್, ಆಂಡ್ರಾಯ್ಡ್ 13. ಡೆವಲಪರ್ ಆಯ್ಕೆಯಲ್ಲಿ Smallest width 800 dp ತೋರಿಸುತ್ತದೆ. ಅಂದರೆ ಅಡ್ಡ ಹಿಡಿದಾಗ ಪೂರ್ತಿ ಅಗಲ 1280 dp, ನಡುವಿನ ಪಟ್ಟಿ ಕಳೆದು ಅರ್ಧಕ್ಕೆ ಸುಮಾರು 635. ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೆರೆದು Inspect ಮಾಡಿದಾಗ ಸ್ಲೈಡಿನ ಚೌಕಟ್ಟು ಹೀಗಿದೆ:

```html
<iframe width="960" height="569"></iframe>
```

ಗೂಗಲ್ ಸ್ಲೈಡ್ಸ್ ಎಂಬೆಡ್ ಕೋಡ್ ಕೊಡುವಾಗ ಬರುವ ಮಧ್ಯಮ ಅಳತೆಯೇ ಇದು. 540 ಸ್ಲೈಡಿಗೆ, 29 ಕೆಳಗಿನ ಬಟನ್ ಪಟ್ಟಿಗೆ. 960ರಲ್ಲಿ 635 ಅಂದರೆ ಮೂರರಲ್ಲಿ ಎರಡು ಪಾಲು, ಕಾಣುವುದೂ ಅಷ್ಟೇ. ಟ್ಯಾಬ್ ನೆಟ್ಟಗೆ ಹಿಡಿದು ಮೇಲೆ-ಕೆಳಗೆ ಭಾಗ ಮಾಡಿದರೆ ಅಗಲ 800 ಸಿಗುತ್ತದೆ, ಆಗ ಹೋಗುವುದು ಆರನೇ ಒಂದು ಪಾಲು ಮಾತ್ರ. ಲೆಕ್ಕ ಎರಡೂ ಕಡೆ ಕೂಡಿಬರುವುದರಿಂದ ಟ್ಯಾಬ್ ಕೆಟ್ಟಿಲ್ಲ, ನೆಟ್‌ವರ್ಕ್ ಕಾರಣವೂ ಅಲ್ಲ ಅನ್ನುವುದು ಖಾತ್ರಿ. ಚೌಕಟ್ಟಿನ ಅಗಲ ಕಿಟಕಿಯ ಜೊತೆ ಕುಗ್ಗುತ್ತಿಲ್ಲ, ಅದರ ಹೊರಗಿನ ಡಬ್ಬಿಗೆ overflow: hidden ಇರುವುದರಿಂದ ಉಳಿದದ್ದು ಮುಚ್ಚಿಹೋಗುತ್ತಿದೆ.

ನಮ್ಮ ಕಡೆಯಿಂದ ಮಾಡಬಹುದಾದದ್ದನ್ನು ಮಾಡಿ ನೋಡಿದ್ದಾಗಿದೆ. ಕ್ರೋಮ್ ಮೆನುವಿನಲ್ಲಿ Desktop site ಟಿಕ್ ಮಾಡಿದರೆ ಪುಟ 980ರ ಅಗಲಕ್ಕೆ ಹಾಕಿಕೊಂಡು ಕುಗ್ಗುತ್ತದೆ, ಸ್ಲೈಡ್ ಪೂರ್ತಿ ಬರುತ್ತದೆ, ಆದರೆ ಚಾಟ್ ಪೆಟ್ಟಿಗೆ, ಕೈ ಎತ್ತುವ ಬಟನ್ ಬೆರಳಿಗೆ ಸಿಗದಷ್ಟು ಚಿಕ್ಕದಾಗುತ್ತವೆ. ನಡುವಿನ ಪಟ್ಟಿ ಸರಿಸಿ ಪಾಠಕ್ಕೆ ಮೂರರಲ್ಲಿ ಎರಡು ಪಾಲು ಕೊಟ್ಟರೆ ಸ್ಲೈಡಿನ ಸುಮಾರು ಒಂಬತ್ತನೇ ಒಂದು ಪಾಲು ಇನ್ನೂ ಹೋಗುತ್ತದೆ, ಬರೆಯಲು ಉಳಿಯುವುದು ಏಳು ಸೆಂಟಿಮೀಟರ್. Smallest width ಅನ್ನು 1200 ಮಾಡಿದರೆ ಸ್ಲೈಡ್ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ, ಆದರೆ ಇಡೀ ಟ್ಯಾಬಿನ ಅಕ್ಷರ, ಕೀಬೋರ್ಡ್ ಎಲ್ಲ ಸಣ್ಣಗಾಗುತ್ತವೆ. ಮಗುವಿನ ಕಣ್ಣಿಗೆ ಅದು ಬೇಡ ಅಂತ ವಾಪಸ್ 800ಕ್ಕೇ ಇಟ್ಟಿದ್ದೇನೆ.

ಈಗ ಪ್ರಶ್ನೆ. ಪುಟದ ಸಿಎಸ್‌ಎಸ್‌ನಲ್ಲಿ ಇಷ್ಟು ಸೇರಿಸಲು ಸಾಧ್ಯವೇ?

```css
iframe {
  width: 100%;
  max-width: 960px;
  height: auto;
  aspect-ratio: 960 / 569;
}
```

ಕ್ರೋಮ್ 88ರಿಂದ ಈಚೆಗೆ aspect-ratio ನಡೆಯುತ್ತದೆ, ಹಾಗಾಗಿ ಕ್ರೋಮ್ ಅಪ್‌ಡೇಟ್ ಆಗಿರುವ ಟ್ಯಾಬ್‌ಗಳಲ್ಲಿ ತೊಂದರೆ ಇರಬಾರದು. ಲ್ಯಾಪ್‌ಟಾಪಿನಲ್ಲಿ Inspect ಒಳಗೇ ಇದನ್ನು ಹಾಕಿ ಕಿಟಕಿಯನ್ನು 635ಕ್ಕೆ ಕುಗ್ಗಿಸಿದಾಗ ‘ಕಾರಣ’ದ ಕಾಲಂ ಪೂರ್ತಿ ಬಂತು. ಪುಟದಲ್ಲಿ ವೀಡಿಯೊಗೂ iframe ಬಳಸಿದ್ದರೆ ಅದು ಕೆಡಬಾರದು, ಸ್ಲೈಡಿನ ಡಬ್ಬಿಗೆ ಮಾತ್ರ ಅನ್ವಯಿಸುವ ಹಾಗೆ ಹಾಕಬೇಕಾಗುತ್ತದೆ.

ಇನ್ನೊಂದು ಮಾತು ಪಾಠ ಮಾಡುವ ಮೇಡಂಗೆ ತಿಳಿಸಿ. ಚೌಕಟ್ಟು ಸರಿಯಾದರೂ ಅರ್ಧ ಪರದೆಯಲ್ಲಿ ಸ್ಲೈಡಿನ ಅಗಲ 10.8 ಸೆಂ.ಮೀ. ಮೀರುವುದಿಲ್ಲ. ಸ್ಲೈಡಿನ ಮೂಲ ಅಗಲ 10 ಇಂಚು, ಅಂದರೆ 25.4 ಸೆಂ.ಮೀ. ಪುನರಾವರ್ತನೆಗೆ ಅಂತ ಹಂಚಿದ ಸ್ಲೈಡಿನಲ್ಲಿ ಅಕ್ಷರ 18 ಪಾಯಿಂಟ್ ಇತ್ತು, ಟ್ಯಾಬಿನಲ್ಲಿ ಅದು ಏಳೂವರೆ ಪಾಯಿಂಟಿಗೆ ಇಳಿಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುವುದರಿಂದ ಆ ಗಾತ್ರದಲ್ಲಿ ‘ತ್ರ’ ಯಾವುದು ‘ತ್ತ’ ಯಾವುದು ಗೊತ್ತಾಗುವುದಿಲ್ಲ. 28 ಪಾಯಿಂಟ್ ಇಟ್ಟರೆ ಸುಮಾರು 12ಕ್ಕೆ ಬರುತ್ತದೆ, ಪಠ್ಯಪುಸ್ತಕದ ಹಾಗೆ ಓದಬಹುದು. ಸಾಧನೆ ಎರಡು ಸ್ಲೈಡಿಗೆ ಹರಡಿದರೂ ಪರವಾಗಿಲ್ಲ.

ಗುರುವಾರ ಸಂಜೆ 6ಕ್ಕೆ ಮುಂದಿನ ರೇಖಾಗಣಿತ ತರಗತಿ ಇದೆ. ಅಷ್ಟರೊಳಗೆ ಪುಟ ಬದಲಾಯಿಸುವುದು ಕಷ್ಟವಾದರೆ ಆ ದಿನದ ಸ್ಲೈಡುಗಳ ಪಿಡಿಎಫ್ ಅನ್ನು ಮಧ್ಯಾಹ್ನವೇ ಗುಂಪಿಗೆ ಹಾಕಿಸಿ, ಪ್ಲೀಸ್. ಸಂಜೆ ಮಳೆಗೆ ಕರೆಂಟ್ ಹೋದರೆ ನಮ್ಮ ಕಡೆ ವೈಫೈ ಕೂಡ ಹೋಗುತ್ತದೆ, ಮೊದಲೇ ಇಳಿಸಿಕೊಂಡು ಇಟ್ಟುಕೊಳ್ಳುತ್ತೇವೆ.