ಕರೆಂಟ್ ಬಿಲ್ ಬಾಕಿ ಇದ್ದರೂ ಡಿಪಾಜಿಟ್ ಹಣ ವಾಪಸ್ ಕೊಡಬೇಕೆಂದು ಮನೆ ಮಾಲೀಕರಿಗೆ ಪತ್ರ

ಗಂಗಾವತಿ
25 ಜೂನ್ 2025

ರಾಯಚೂರಿನ ನಮ್ಮ ಮನೆ ಮಾಲೀಕರಾದ ಕಾಕಾ ಅವರಿಗೆ,

ನಮಸ್ಕಾರ. ನೀವು, ಕಾಕು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವೂ ಆರಾಮ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊಂದಿಕೊಂಡಿದ್ದೇನೆ. ಮಗಳು ಹೊಸ ಶಾಲೆಗೆ ಹೋಗುತ್ತಿದ್ದಾಳೆ.

ಫೋನಿನಲ್ಲಿ ಎರಡು ಸಲ ಮಾತಾಡಿದೆವು. ಜೂನ್ 15ಕ್ಕೆ ಮತ್ತು 22ಕ್ಕೆ ನಾನೇ ರಾಯಚೂರಿಗೆ ಬಂದು ಹೋದೆ. ಎರಡೂ ಸಲ ನೀವು "ಕರೆಂಟ್ ಬಿಲ್ ಕ್ಲಿಯರ್ ಆಗಲಿ, ಆಮೇಲೆ ನೋಡೋಣ" ಅಂದಿರಿ. ಎದುರಿಗೆ ಕೂತಾಗ ಲೆಕ್ಕ ಬಿಡಿಸಿ ಹೇಳೋಕೆ ನನಗೆ ಆಗಲಿಲ್ಲ. ದೊಡ್ಡವರ ಮುಂದೆ ದುಡ್ಡಿನ ಮಾತು ಜಾಸ್ತಿ ಆಡಬಾರದು ಅಂತ ಸುಮ್ನೆ ಎದ್ದು ಬಂದೆ. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ಡಿಪಾಜಿಟ್ ಅಂತ 2022ರ ಜೂನ್‌ನಲ್ಲಿ ನಾನು ನಿಮಗೆ 40,000 ರೂಪಾಯಿ ಕೊಟ್ಟಿದ್ದೇನೆ. ಮೇ 31ಕ್ಕೆ ಮನೆ ಬಿಟ್ಟು ಕೀಲಿ ನಿಮ್ಮ ಕೈಗೆ ಕೊಟ್ಟೆ. ಮೇ ತಿಂಗಳ ಬಾಡಿಗೆಯೂ ಸೇರಿ ಒಂದು ರೂಪಾಯಿ ಬಾಡಿಗೆ ಬಾಕಿ ಇಲ್ಲ. ಬಣ್ಣಕ್ಕೆ 5,000 ಹಿಡಿಯುತ್ತೇನೆ ಅಂದಿರಿ, ಒಪ್ಪಿಕೊಂಡಿದ್ದೇನೆ. ಅಗ್ರಿಮೆಂಟಿನಲ್ಲೂ ಹಾಗೇ ಇದೆ. ಅಂದರೆ ನನಗೆ ಬರಬೇಕಾದದ್ದು 35,000. ಇನ್ನು ಉಳಿದದ್ದು ಕರೆಂಟ್ ಬಿಲ್ ಒಂದೇ.

ಆ ಬಿಲ್ಲಿನ ಫೋಟೋ ನೀವೇ ವಾಟ್ಸಪ್‌ನಲ್ಲಿ ಕಳಿಸಿದಿರಿ. ಒಟ್ಟು 3,134 ರೂಪಾಯಿ. ಅದನ್ನು ನಿಧಾನಕ್ಕೆ ಓದಿದೆ. ನೀವೂ ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ ಕಾಕಾ. ಅದರಲ್ಲಿ ಎರಡು ಬೇರೆ ಬೇರೆ ಹಣ ಸೇರಿದೆ.

ಮೊದಲನೆಯದು, ಉರಿಸಿದ ಕರೆಂಟಿನ ಹಣ, 1,974 ರೂಪಾಯಿ. ಮೇ 6ಕ್ಕೆ ರೀಡಿಂಗ್ 14,362 ಇತ್ತು. ಜೂನ್ 6ಕ್ಕೆ ಮೀಟರ್ ನೋಡುವವರು ಬಂದಾಗ 14,614. ಒಟ್ಟು 252 ಯೂನಿಟ್. ಆದರೆ ನಾನು ಮನೆ ಬಿಟ್ಟ ದಿನ ನೀವೂ ನಾನೂ ಮೀಟರ್ ಮುಂದೆ ನಿಂತು ಫೋಟೋ ತೆಗೆದಿದ್ದೆವು, ನೆನಪಿದೆ ಅಲ್ವಾ? ಅದರಲ್ಲಿ 14,586 ಇದೆ. ಹಾಗಾಗಿ ನಾವು ಉರಿಸಿದ್ದು 224 ಯೂನಿಟ್. ಉಳಿದ 28 ಯೂನಿಟ್ ಬಣ್ಣದ ಕೆಲಸದವರು ಇದ್ದಾಗ ಆದದ್ದು. ಯೂನಿಟ್ ಪ್ರಕಾರ ಪಾಲು ಹಾಕಿದರೆ ನನ್ನದು 1,755 ರೂಪಾಯಿ ಆಗುತ್ತದೆ.

ಈ ಸಲ ಬಿಲ್ ಜಾಸ್ತಿ ಬಂದದ್ದಕ್ಕೆ ನಾನು ಬೇರೆ ಯಾರನ್ನೂ ದೂರುವುದಿಲ್ಲ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಮಗಳಿಗೆ ಜ್ವರ ಇತ್ತು. ಹಗಲೂ ರಾತ್ರಿ ಕೂಲರ್ ಹಾಕಿದ್ದೆವು. ನಮ್ಮ 224ರಲ್ಲೇ 200 ದಾಟಿಹೋಗಿದೆ. ಆ ಹಣ ನನ್ನ ಮೇಲಿನದ್ದೇ, ಕೊಡುತ್ತೇನೆ.

ಎರಡನೆಯದು 1,160 ರೂಪಾಯಿ. ಅದರ ಮುಂದೆ ಹೆಚ್ಚುವರಿ ಭದ್ರತಾ ಠೇವಣಿ ಅಂತ ಬರೆದಿದೆ. ಇದು ಉರಿಸಿದ ಕರೆಂಟಿನ ಹಣ ಅಲ್ಲ. ಹಿಂದಿನ ವರ್ಷ ಎಷ್ಟು ಕರೆಂಟ್ ಬಳಕೆ ಆಗಿದೆ ಅಂತ ನೋಡಿ, ಈಗಿರುವ ಠೇವಣಿ ಸಾಲದಿದ್ದರೆ ಕರೆಂಟ್ ಆಫೀಸಿನವರು ಅದನ್ನು ಕೇಳುತ್ತಾರೆ. ಆ ಹಣ ಮನೆಯ ಆರ್‌ಆರ್ ನಂಬರಿನ ಮೇಲೆ, ಅಂದರೆ ನಿಮ್ಮ ಹೆಸರಿನಲ್ಲೇ ಜಮಾ ಇರುತ್ತದೆ. ಅದಕ್ಕೆ ಬಡ್ಡಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ನಾನು ಕಟ್ಟಿ ಗಂಗಾವತಿಗೆ ಬಂದರೆ ಅದು ನನಗೆ ಯಾವತ್ತೂ ವಾಪಸ್ ಬರುವುದಿಲ್ಲ. ಈ ಒಂದು ಮಾತನ್ನು ನೀವು ಯೋಚನೆ ಮಾಡಲೇಬೇಕು ಕಾಕಾ. ನಿಮಗೆ ಇದರಲ್ಲಿ ಅನುಮಾನ ಇದ್ದರೆ ಕರೆಂಟ್ ಆಫೀಸಿನಲ್ಲಿ ಬಿಲ್ ತೋರಿಸಿ ಕೇಳಿ. ಅವರು ಏನು ಹೇಳುತ್ತಾರೋ ಅದಕ್ಕೆ ನಾನು ಒಪ್ಪುತ್ತೇನೆ.

ಈಗ ನನ್ನ ಮುಖ್ಯ ವಿನಂತಿ. ಬಿಲ್ ವಿಷಯ ಯಾವಾಗ ಬಗೆಹರಿಯುತ್ತದೋ ಬಗೆಹರಿಯಲಿ. ಅಲ್ಲಿವರೆಗೆ 35,000 ಪೂರ್ತಿ ತಡೆದು ಇಡಬೇಡಿ. ನಿಮ್ಮ ಸಮಾಧಾನಕ್ಕೆ 3,500 ರೂಪಾಯಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಡೀ ಬಿಲ್ಲನ್ನು ನನ್ನ ತಲೆಗೇ ಕಟ್ಟಿದರೂ 3,134. ತಡವಾದದ್ದಕ್ಕೆ ಬೀಳುವ ಬಡ್ಡಿಯೂ ಅದರಲ್ಲೇ ಮುಗಿಯುತ್ತದೆ. ಉಳಿದ 31,500 ರೂಪಾಯಿ ಈಗ ಕೊಟ್ಟುಬಿಡಿ. ಆಮೇಲೆ ಲೆಕ್ಕ ಇತ್ಯರ್ಥ ಆದಾಗ ನನ್ನ ಪಾಲು ಹಿಡಿದು ಮಿಕ್ಕಿದ್ದು ಹಾಕಿ. ಅಗ್ರಿಮೆಂಟಿನಲ್ಲೂ ಬಾಕಿ ಬಿಲ್ ಇದ್ದರೆ ಅಷ್ಟನ್ನು ಹಿಡಿದು ಉಳಿದದ್ದನ್ನು ಕೊಡಬೇಕು ಅಂತಲೇ ಬರೆದಿದ್ದೇವೆ. ಪೂರ್ತಿ ಹಿಡಿಯಬಹುದು ಅಂತ ಎಲ್ಲೂ ಇಲ್ಲ.

ಬಿಲ್ಲಿನ ಗಡುವು ದಾಟಿದೆ. ಇನ್ನೂ ಬಿಟ್ಟರೆ ಲೈನ್ ಕಟ್ ಮಾಡಲು ಬರಬಹುದು. ಹೊಸದಾಗಿ ಬರುವವರಿಗೆ ತೊಂದರೆ. ನೀವು ಹೂಂ ಅಂದರೆ ಉರಿಸಿದ ಕರೆಂಟಿನ 1,974 ಪೂರ್ತಿ ನಾನೇ ನಿಮ್ಮ ಫೋನಿಗೆ ಅವತ್ತೇ ಹಾಕುತ್ತೇನೆ. ಬಣ್ಣದವರ 28 ಯೂನಿಟ್ಟಿನ ಮಾತನ್ನೂ ಎತ್ತುವುದಿಲ್ಲ. ಹಾಗೆ ಮಾಡಿದರೆ ನನ್ನ ಕಡೆಯಿಂದ ಬಾಕಿ ಏನೂ ಉಳಿಯುವುದಿಲ್ಲ, ಆಗ 35,000 ಪೂರ್ತಿ ಕೊಡಬೇಕಾಗುತ್ತದೆ. ಎರಡರಲ್ಲಿ ಯಾವುದು ನಿಮಗೆ ಸರಿ ಅನಿಸುತ್ತದೋ ಅದನ್ನೇ ಮಾಡೋಣ.

ಇನ್ನೊಂದು ವಿಷಯ. ಗೃಹಜ್ಯೋತಿಗೆ ನನ್ನ ಆಧಾರ್ ಜೋಡಿಸಿದ್ದೆ. ಅದನ್ನು ಜೂನ್ 9ಕ್ಕೇ ಬಿಡಿಸಿದ್ದೇನೆ. ಹೊಸ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು.

ನನಗೆ ಯಾಕೆ ಇಷ್ಟು ಅವಸರ ಅಂತ ನಿಮಗೆ ಅನಿಸಬಹುದು. ಇಲ್ಲಿ ಮನೆಗೆ 50,000 ಡಿಪಾಜಿಟ್ ಕೊಡಬೇಕಾಯಿತು. ನಿಮ್ಮ ಹತ್ತಿರದ ಹಣ ಬರುತ್ತದೆ ಅನ್ನುವ ಧೈರ್ಯದಲ್ಲಿ ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವವರ ಹತ್ತಿರ 30,000 ಕೈಗಡ ತಂದೆ. ಜೂನ್ ಕೊನೆಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅವರ ಮನೆಯಲ್ಲೂ ಮಕ್ಕಳ ಫೀಸಿನ ಸಮಯ. ಹೊಸ ಊರಿನಲ್ಲಿ ಮೊದಲ ತಿಂಗಳೇ ಮಾತು ತಪ್ಪಿದವನು ಅನಿಸಿಕೊಂಡರೆ ನಾಳೆ ಕಷ್ಟಕ್ಕೆ ಯಾರು ಬರುತ್ತಾರೆ? ಸಿಂಧನೂರು ಮೇಲೆ ರಾಯಚೂರಿಗೆ ಬಂದು ಹೋದರೆ ಒಂದು ದಿನ ಪೂರ್ತಿ ಹೋಗುತ್ತದೆ. ಸಿಗುವುದು ಭಾನುವಾರ ಒಂದೇ ರಜೆ.

ಮೂರು ವರ್ಷ ನಿಮ್ಮ ಮನೆಯಲ್ಲಿ ಬಾಡಿಗೆಯವರ ಹಾಗೆ ಇರಲಿಲ್ಲ ನಾವು. ನನ್ನ ಹೆಂಡತಿಯ ಬಾಣಂತನದಲ್ಲಿ ಕಾಕು ದಿನಾ ಬಿಸಿ ರೊಟ್ಟಿ, ಪಲ್ಯ ಮೇಲೆ ತಂದು ಕೊಟ್ಟಿದ್ದನ್ನು ಅವಳು ಈಗಲೂ ಹೇಳುತ್ತಾಳೆ. ನೀವು ಮೋಸ ಮಾಡುವವರು ಅಂತ ನನ್ನ ಮನಸ್ಸಿನಲ್ಲಿ ಒಂದು ಕ್ಷಣವೂ ಬಂದಿಲ್ಲ. ಬಿಲ್ಲಿನ ಗೊಂದಲದಲ್ಲಿ ವಿಷಯ ಮುಂದಕ್ಕೆ ಹೋಗುತ್ತಿದೆ, ಅಷ್ಟೇ. ಆದರೆ ನನಗೆ ನಿಜಕ್ಕೂ ತಡೆಯುವ ಶಕ್ತಿ ಇಲ್ಲ.

ಜುಲೈ 5ರ ಒಳಗೆ ಹಣ ಹಾಕಿ ಕಾಕಾ. ಬಾಡಿಗೆ ಕಳಿಸುತ್ತಿದ್ದ ನನ್ನ ಅದೇ ನಂಬರಿಗೆ ಫೋನ್‌ಪೇ ಮಾಡಿದರೆ ಸಾಕು. ಒಮ್ಮೆಲೇ ಆಗದಿದ್ದರೆ ಈ ತಿಂಗಳ ಕೊನೆಗೆ 20,000, ಉಳಿದದ್ದು 5ಕ್ಕೆ ಆದರೂ ನಡೆಯುತ್ತದೆ. ಹಣ ಬಂದ ಕೂಡಲೇ ಮುಟ್ಟಿದ್ದಕ್ಕೆ ರಸೀದಿ ಬರೆದು ಸಹಿ ಮಾಡಿ ಕಳಿಸುತ್ತೇನೆ. ಈ ಪತ್ರದ ಜೊತೆ ಅಗ್ರಿಮೆಂಟಿನ ಜೆರಾಕ್ಸ್, ಮೇ 31ರ ಮೀಟರ್ ಫೋಟೋ ಮತ್ತು ಬಿಲ್ಲಿನ ಪ್ರತಿ ಇಟ್ಟಿದ್ದೇನೆ. ಬಿಲ್ಲಿನಲ್ಲಿ 1,160 ಇರುವ ಸಾಲಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿದ್ದೇನೆ, ಹುಡುಕುವುದು ಬೇಡ.

ಪತ್ರ ಮುಟ್ಟಿದ ಮೇಲೆ ಒಂದು ಫೋನ್ ಮಾಡಿ. ಸಂಜೆ 7ರ ನಂತರ ನಾನು ಮನೆಯಲ್ಲೇ ಇರುತ್ತೇನೆ. ಕಾಕು ಅವರಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

ಇಂತಿ,
ನಿಮ್ಮ ಮಹಡಿ ಮನೆಯಲ್ಲಿದ್ದ
ಬಸವರಾಜ