ಸೇಡಂ ಕೇಂದ್ರದ ತೊಗರಿ ತೇವಾಂಶ ದಾಖಲೆಯ ಕುರಿತು

ಕಲಬುರಗಿ
28 ಜನವರಿ 2025

ಇವರಿಗೆ,
ಗುಣಮಟ್ಟ ಸಹಾಯಕರು, ತೊಗರಿ ಖರೀದಿ ಕೇಂದ್ರ, ಸೇಡಂ

ನಮಸ್ಕಾರ.

ಜನವರಿ 20ರಿಂದ 25ರವರೆಗಿನ ನಿಮ್ಮ ಕೇಂದ್ರದ ತೇವಾಂಶ ವಹಿಯನ್ನು ನಿನ್ನೆ ಪರಿಶೀಲಿಸಿದೆನು. 20 ಮತ್ತು 21ರಂದು ಪ್ರತಿ ರೈತರ ರಾಶಿಗೂ ಬೇರೆ ಬೇರೆ ಅಳತೆ ದಾಖಲಾಗಿದ್ದು, ಸಮಯವನ್ನೂ ಬರೆದಿದ್ದೀರಿ. 22ರ ಮಧ್ಯಾಹ್ನದಿಂದ 24ರವರೆಗೆ ಮಾತ್ರ 37 ರೈತರ ಹೆಸರಿನ ಮುಂದೆ ಒಂದೇ ಅಂಕಿ, ಶೇ 11.5, ಇದೆ, ಸಮಯದ ಅಂಕಣ ಖಾಲಿಯಾಗಿದೆ. ಬೆಳಗಿನ ಇಬ್ಬನಿಯಲ್ಲಿ ಬಂದ ಚೀಲಕ್ಕೂ ಮಧ್ಯಾಹ್ನ ಬಿಸಿಲಿಗೆ ಹರಡಿ ಒಣಗಿಸಿ ತಂದ ಚೀಲಕ್ಕೂ ಅಷ್ಟು ನಿಖರವಾಗಿ ಒಂದೇ ತೇವಾಂಶ ಬರುವುದು ಕಷ್ಟ. ಹಾಗಾಗಿ ಈ ರಾಶಿಗಳನ್ನು ಮಾಪಕದಲ್ಲಿ ಅಳೆಯದೆ ದಾಖಲಿಸಿರಬಹುದೆಂದು ಭಾವಿಸಿದ್ದೇನೆ. ನಡೆದದ್ದು ಬೇರೆಯಾಗಿದ್ದರೆ ದಯವಿಟ್ಟು ತಿಳಿಸಿ.

ಇದರ ಪರಿಣಾಮ ಕಾಗದದ ಮೇಲಷ್ಟೇ ಉಳಿಯಲಿಲ್ಲ. 24ರಂದು ಕಲಬುರಗಿಯ ಬೇಳೆ ಗಿರಣಿಗೆ ಕಳಿಸಿದ 180 ಚೀಲಗಳಲ್ಲಿ 48 ಚೀಲಗಳ ತೇವಾಂಶ ಶೇ 12ರ ಮಿತಿಯನ್ನು ಮೀರಿದ್ದರಿಂದ ಅವು ಹಿಂದಿರುಗಿದವು. ಲಾರಿ ಬಾಡಿಗೆಯನ್ನೂ ಹಮಾಲರ ಕೂಲಿಯನ್ನೂ ನಮ್ಮ ರೈತ ಉತ್ಪಾದಕರ ಕಂಪನಿಯೇ ಭರಿಸಬೇಕಾಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ: ಮರಳಿದ ಚೀಲಗಳು ಯಾರ ರಾಶಿಯವೆಂದು ವಹಿಯಿಂದ ಗುರುತಿಸಲಾಗದೆ, ಚೆನ್ನಾಗಿ ಒಣಗಿಸಿ ತಂದವರ ಹಣವೂ ತಡೆಯಲ್ಲಿದೆ.

ಇದರಲ್ಲಿ ನನ್ನ ಪಾಲೂ ಇದೆ. 22ರಂದು ಮಾಪಕದ ಬ್ಯಾಟರಿ ಕೆಟ್ಟಿದೆ ಎಂದು ನೀವು ಫೋನ್ ಮಾಡಿದ್ದಿರಿ. ಬದಲಿ ಮಾಪಕ ಕಳಿಸಲು ನಾನು ಎರಡು ದಿನ ತಡಮಾಡಿದೆನು. ಆದರೆ ಆಗ ಅಳತೆಯ ಅಂಕಣವನ್ನು ಖಾಲಿ ಬಿಟ್ಟು, ಆ ಚೀಲಗಳನ್ನು ಪ್ರತ್ಯೇಕವಾಗಿರಿಸಿ ನನಗೆ ತಿಳಿಸಬೇಕಿತ್ತು. ಅಂದಾಜಿನ ಅಂಕಿಗಿಂತ ಖಾಲಿ ಅಂಕಣವೇ ನಮಗೆ ಉಪಯುಕ್ತ.

ಅದೇ ವಾರ ಸರದಿಯಲ್ಲಿ ನಿಂತ ರೈತರಿಗೆ ಚೀಟಿ ಕೊಟ್ಟು, ರಾತ್ರಿ ಎಂಟರವರೆಗೆ ಕುಳಿತು ತೂಕ ಮುಗಿಸಿದಿರಿ. ತೂಕದ ಬಗ್ಗೆ ಒಂದು ತಕರಾರೂ ಬರಲಿಲ್ಲ. ಇದನ್ನು ಸೌಜನ್ಯಕ್ಕಾಗಿ ಬರೆಯುತ್ತಿಲ್ಲ, ಉಳಿದ ಕೇಂದ್ರಗಳಿಗೂ ಆ ಚೀಟಿಯ ಪದ್ಧತಿಯನ್ನೇ ಹೇಳಲಿದ್ದೇನೆ.

ಇನ್ನು ಮುಂದೆ ಪ್ರತಿ ರಾಶಿಯ ಮೇಲಿನ, ನಡುವಿನ ಹಾಗೂ ಕೆಳಗಿನ ಚೀಲಗಳಿಂದ ಕಾಳು ತೆಗೆದು ಅಳೆದು, ಮೂರೂ ಅಂಕಿಗಳನ್ನು ಸಮಯಸಹಿತ ಬರೆಯಬೇಕು. ಶೇ 12 ಮೀರಿದ ರಾಶಿಯನ್ನು ಒಣಗಿಸಿ ತರಲು ರೈತರಿಗೆ ಅಲ್ಲಿಯೇ ತಿಳಿಸಬೇಕು. ಎರಡನೇ ಮಾಪಕ ನಾಳೆ ನಿಮ್ಮ ಕೈ ಸೇರಲಿದೆ. ಆ 37 ರಾಶಿಗಳಲ್ಲಿ ಗೋದಾಮಿನಲ್ಲಿ ಉಳಿದಿರುವವನ್ನು ಗುರುವಾರದೊಳಗೆ ಮರು ಅಳತೆ ಮಾಡಿ.

ಜನವರಿ 31ರ ಶುಕ್ರವಾರ ಬೆಳಿಗ್ಗೆ 11ಕ್ಕೆ ನಾನೇ ಸೇಡಂಗೆ ಬರುತ್ತೇನೆ. ಆ ಮೂರು ದಿನ ಕೇಂದ್ರದಲ್ಲಿ ಏನಾಯಿತೆಂದು ನಿಮ್ಮಿಂದಲೇ ಕೇಳಬೇಕಿದೆ. ಈ ಪತ್ರವನ್ನು ನಿಮ್ಮ ಸೇವಾ ಕಡತಕ್ಕೆ ಸೇರಿಸಿಲ್ಲ, ಇತರರಿಗೂ ಕಳಿಸಿಲ್ಲ.

ಇಂತಿ,
ಖರೀದಿ ವ್ಯವಸ್ಥಾಪಕರು